ಎಸ್‌ಎಂಎಸ್ ಬಾರದ 24 ಗಂಟೆ

ಅರ್ಜಿ ಹಾಕಲು ಮರುದಿನ ಸಂಜೆ 5.30ರ ತನಕ ಸಮಯ ಇತ್ತು. ನಾನು ರೂಮ್‌ಮೇಟ್‌ನ ಲ್ಯಾಪ್‌ಟಾಪ್ ತೆಗೆದಾಗ ರಾತ್ರಿ ಒಂಬತ್ತು ಗಂಟೆ. ಅಂಥ ದೊಡ್ಡ ಕೆಲಸವೇನೂ ಉಳಿದಿರಲಿಲ್ಲ. ಫಾರಂ ತುಂಬಿ ಸೇವ್ ಮಾಡಿ ಎರಡು ವಾರ ಆಗಿತ್ತು. ಫೋಟೊ, ಸಹಿ, ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರ್, ಗ್ರಾಮೀಣ ಪ್ರಮಾಣಪತ್ರ ಎಲ್ಲ ಹಾಕಿದ್ದೆ. ಪದವಿಯ ಕೊನೆಯ ಸೆಮಿಸ್ಟರ್ ಅಂಕಪಟ್ಟಿಗಾಗಿ ಕಾಯುತ್ತಿದ್ದೆ. ಅದು ಬಂದಿತ್ತು. ಅದನ್ನು ಅಪ್‌ಲೋಡ್ ಮಾಡಿ, ಶುಲ್ಕ ಕಟ್ಟಿ, ಕೊನೆಯ ಬಟನ್ ಒತ್ತಿದರೆ ಮುಗೀತು. ಅರ್ಧ ಗಂಟೆಯ ಕೆಲಸ ಅಂದುಕೊಂಡಿದ್ದೆ.

ನಾನಿರುವುದು ಧಾರವಾಡದ ಒಂದು ಹಾಸ್ಟೆಲ್‌ನಲ್ಲಿ. ಊರು ರೋಣ ತಾಲೂಕಿನ ಹಳ್ಳಿ. ಹಾಕುತ್ತಿದ್ದದ್ದು ಸರ್ಕಾರಿ ಪ್ರಥಮ ದರ್ಜೆ ಸಹಾಯಕ, ಅಂದರೆ ಎಫ್‌ಡಿಎ ಹುದ್ದೆಗೆ. ಧಾರವಾಡದಲ್ಲಿ ಇದ್ದವರಿಗೆ ಈ ಮೂರು ಅಕ್ಷರ ಬಿಡಿಸಿ ಹೇಳಬೇಕಿಲ್ಲ. ನಮ್ಮ ಹಾಸ್ಟೆಲ್‌ನಲ್ಲೇ ಇಪ್ಪತ್ತು ಜನ ಅದಕ್ಕೆ ಓದುತ್ತಿದ್ದರು.

ಮೂರು ದಿನದ ಹಿಂದೆ, ಭಾನುವಾರ ಸಂಜೆ, ಹುಬ್ಬಳ್ಳಿಯಿಂದ ಬರುವಾಗ ಬಸ್ಸಿನ ಗದ್ದಲದಲ್ಲಿ ನನ್ನ ಫೋನ್ ಹೋಗಿತ್ತು. ಇಳಿದು ಜೇಬು ಮುಟ್ಟಿಕೊಂಡಾಗಲೇ ಗೊತ್ತಾಗಿದ್ದು. ಸೋಮವಾರ ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟೆ. ಮಂಗಳವಾರ ಪ್ರಾಕ್ಟಿಕಲ್ ಪರೀಕ್ಷೆ. ಬುಧವಾರ ಸಂಜೆ ಅಂಗಡಿಗೆ ಹೋಗಿ, ಬೆರಳು ಒತ್ತಿ, ಅದೇ ನಂಬರಿನ ಹೊಸ ಸಿಮ್ ತಗೊಂಡೆ. ಪಕ್ಕದ ರೂಮಿನವನು ತನ್ನ ಹಳೇ ಫೋನ್ ಕೊಟ್ಟಿದ್ದ. ಗಾಜು ಒಡೆದಿತ್ತು, ಆದರೆ ಕೆಲಸ ಮಾಡುತ್ತಿತ್ತು. ರಾತ್ರಿ 7.40ಕ್ಕೆ ಸಿಮ್ ಚಾಲೂ ಆಯಿತು. ಅಪ್ಪನಿಗೆ ಫೋನ್ ಹಚ್ಚಿ, "ನಂಬರ್ ವಾಪಸ್ ಬಂತು" ಎಂದು ಹೇಳಿದೆ. ಮನಸ್ಸು ಹಗುರಾಯಿತು. ನಂಬರ್ ಒಂದು ಕೈಗೆ ಬಂದರೆ ಉಳಿದದ್ದೆಲ್ಲ ತಾನೇ ಬರುತ್ತದೆ ಎಂದು ನಂಬಿದ್ದೆ.

ಜಾಲತಾಣ ತೆರೆದಾಗ ಎರಡು ಖಾನೆ ಬಂದವು. ಒಂದರಲ್ಲಿ ಅರ್ಜಿ ಸಂಖ್ಯೆ ಹಾಕಬೇಕು, ಇನ್ನೊಂದರಲ್ಲಿ ಪಾಸ್‌ವರ್ಡ್. ಎರಡೂ ನನ್ನ ತಲೆಯಲ್ಲಿ ಇರಲಿಲ್ಲ. ನೋಂದಣಿ ಮಾಡಿಸಿದ್ದು ದೀಪಾವಳಿ ರಜೆಯಲ್ಲಿ, ಊರಿನ ಹತ್ತಿರದ ಸೈಬರ್ ಅಂಗಡಿಯಲ್ಲಿ. ಆ ಅಂಗಡಿಯ ಅಣ್ಣ ಎರಡನ್ನೂ ಒಂದು ಚೀಟಿಯ ಮೇಲೆ ಬರೆದುಕೊಟ್ಟಿದ್ದ. ನಾನು ಅದರ ಫೋಟೊ ತೆಗೆದುಕೊಂಡು ಚೀಟಿಯನ್ನು ಅಲ್ಲೇ ಬಿಟ್ಟಿದ್ದೆ. ಎರಡು ವಾರದ ಹಿಂದೆ ಹಾಸ್ಟೆಲ್‌ನಲ್ಲಿ ಕೂತು ಫಾರಂ ತುಂಬಿದಾಗಲೂ ಆ ಫೋಟೊ ನೋಡಿಕೊಂಡೇ ಲಾಗಿನ್ ಆಗಿದ್ದೆ. ಈಗ ಫೋಟೊ ಆ ಕಳೆದುಹೋದ ಫೋನಿನಲ್ಲಿತ್ತು.

ಫೋಟೊಗಳು ಗೂಗಲ್ ಖಾತೆಯಲ್ಲಿ ಉಳಿದಿರಬಹುದು ಎಂದು ಅಲ್ಲಿಗೆ ಹೋದೆ. ಪಾಸ್‌ವರ್ಡ್ ನೆನಪಿತ್ತು, ಹಾಕಿದೆ. ಅದು ನಿಮ್ಮ ಫೋನಿನಲ್ಲಿ 'ಹೌದು' ಒತ್ತಿ ಅಂದಿತು. ಆ ಫೋನ್ ಎಲ್ಲಿದೆಯೋ. ಬೇರೆ ದಾರಿ ಕೇಳಿದೆ. ನಂಬರಿಗೆ ಕೋಡ್ ಕಳಿಸುತ್ತೇನೆ ಅಂದಿತು. ಕೋಡ್ ಬರಲಿಲ್ಲ. ಆ ಹೊತ್ತಿಗೆ ಅದನ್ನು ನಾನು ತಲೆಗೆ ಹಚ್ಚಿಕೊಳ್ಳಲಿಲ್ಲ. ನೆಟ್‌ವರ್ಕ್ ಸರಿ ಇಲ್ಲ ಅಂದುಕೊಂಡು ಮುಂದೆ ಹೋದೆ. ಅಲ್ಲೇ ನಿಂತು ಯೋಚಿಸಿದ್ದರೆ ಒಂದು ಗಂಟೆ ಉಳಿಯುತ್ತಿತ್ತು.

ಅರ್ಜಿ ಸಂಖ್ಯೆ ಇಲ್ಲದೆ 'ಪಾಸ್‌ವರ್ಡ್ ಮರೆತಿದ್ದೇನೆ' ಎಂಬ ಪುಟ ಕೂಡ ಮುಂದೆ ಹೋಗುವುದಿಲ್ಲ. ಅದಕ್ಕೆ ಸಂಖ್ಯೆ ಮತ್ತು ಹುಟ್ಟಿದ ದಿನ ಎರಡೂ ಬೇಕು. ಆಗ ನೆನಪಾಯಿತು. ನೋಂದಣಿ ದಿನ ಆ ಅಣ್ಣ ಒಂದು ಪ್ರಿಂಟ್ ಕೊಟ್ಟಿದ್ದ. ಅಪ್ಪ ಅದನ್ನು ಮಡಚಿ ಹೊಲದ ಪಹಣಿ ಇಡುವ ಟ್ರಂಕಿನಲ್ಲಿ ಇಟ್ಟಿದ್ದರು. ನನ್ನ ಹೆಸರಿನ ಯಾವ ಕಾಗದ ಬಂದರೂ ಅಪ್ಪ ಅಲ್ಲೇ ಇಡುತ್ತಾರೆ.

ನನಗೆ ಬಾಯಿಪಾಠ ಇರುವುದು ಅಪ್ಪನ ನಂಬರ್ ಒಂದೇ. ಮತ್ತೆ ಹಚ್ಚಿದೆ. ಊರಲ್ಲಿ ಒಂಬತ್ತೂವರೆ ಅಂದರೆ ಎಲ್ಲರೂ ಮಲಗಿರುವ ಹೊತ್ತು.

"ಏನಾತೋ ತಮ್ಮಾ? ಆರಾಮ ಅದೀಯಿಲ್ಲೋ?"

"ಆರಾಮ ಅದೀನಪ್ಪಾ. ಟ್ರಂಕಿನ್ಯಾಗ ನಂದೊಂದು ಕಾಗದ ಐತಿ, ನೌಕರಿ ಅರ್ಜೀದು. ತಂಗೀನ ಎಬ್ಬಸು, ಆಕಿಗೆ ಓದಾಕ ಹೇಳು."

ತಂಗಿ ಒಂಬತ್ತನೇ ತರಗತಿ. ನಿದ್ದೆಗಣ್ಣಲ್ಲೇ ಟ್ರಂಕ್ ತೆಗೆದು ಹುಡುಕಿದಳು. ರೇಷನ್ ಕಾರ್ಡಿನ ಜೆರಾಕ್ಸ್, ಬೆಳೆ ವಿಮೆ ಚೀಟಿ, ನನ್ನ ಹತ್ತನೇ ತರಗತಿ ಅಂಕಪಟ್ಟಿ, ಒಂದೊಂದನ್ನೇ ಹೆಸರು ಹೇಳುತ್ತ ತೆಗೆದಳು. ಕೊನೆಗೆ ಸಿಕ್ಕಿತು. ಅಕ್ಷರ, ಅಂಕಿ ಸೇರಿದ ಉದ್ದನೆಯ ಸಂಖ್ಯೆ. ಅವಳು ಓದಿದಂತೆ ನಾನು ಬರೆದುಕೊಂಡೆ. ಹಾಕಿದರೆ ತಪ್ಪು ಅಂದಿತು. ಮತ್ತೆ ಓದಿಸಿದೆ. ನಡುವೆ ಒಂದು ಕಡೆ ಅವಳು 'ಓ' ಅಂದದ್ದು ಸೊನ್ನೆ ಆಗಿತ್ತು. ಪ್ರಿಂಟಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಅವಳ ತಪ್ಪೇನಿಲ್ಲ. ಸೊನ್ನೆ ಹಾಕಿದಾಗ ಪುಟ ಮುಂದೆ ಹೋಯಿತು. ಆ ಕಾಗದದಲ್ಲಿ ಪಾಸ್‌ವರ್ಡ್ ಇರಲಿಲ್ಲ.

ಇಲ್ಲಿ ಒಂದು ಆತುರ ಮಾಡಿದೆ. ಸೈಬರ್ ಅಂಗಡಿಯವರು ಸಾಮಾನ್ಯವಾಗಿ ಹೆಸರು, ಒಂದು ಚಿಹ್ನೆ, 123 ಸೇರಿಸಿ ಪಾಸ್‌ವರ್ಡ್ ಮಾಡುತ್ತಾರೆ. ಅದನ್ನೇ ಊಹಿಸಿ ಹಾಕಿದೆ. ತಪ್ಪು. ಹೆಸರಿನ ಮೊದಲ ಅಕ್ಷರ ದೊಡ್ಡದು ಮಾಡಿ ಹಾಕಿದೆ. ತಪ್ಪು. ಹುಟ್ಟಿದ ವರ್ಷ ಹಾಕಿದೆ. ಆಗ ಕೆಂಪು ಅಕ್ಷರದಲ್ಲಿ ಇನ್ನು ಎರಡು ಅವಕಾಶ ಮಾತ್ರ, ಆಮೇಲೆ ಖಾತೆ ಲಾಕ್ ಆಗುತ್ತದೆ ಎಂದು ಬಂತು. ಕೈ ತೆಗೆದೆ. ಲಾಕ್ ಆದರೆ ಅದನ್ನು ತೆಗೆಸಲು ಸಹಾಯವಾಣಿಗೇ ಫೋನ್ ಮಾಡಬೇಕು. ಸಹಾಯವಾಣಿ ತೆರೆಯುವುದು ಬೆಳಿಗ್ಗೆ ಹತ್ತಕ್ಕೆ. ಕೊನೆಯ ದಿನ ಆ ನಂಬರ್ ಸಿಗುವುದು ಎಷ್ಟು ಕಷ್ಟ ಎಂದು ಹೋದ ವರ್ಷ ಅರ್ಜಿ ಹಾಕಿದ ಗೆಳೆಯರು ಹೇಳಿದ್ದರು.

ಹಾಗಾಗಿ ಸರಿಯಾದ ದಾರಿಗೆ ಬಂದೆ. 'ಪಾಸ್‌ವರ್ಡ್ ಮರೆತಿದ್ದೇನೆ' ಪುಟದಲ್ಲಿ ಅರ್ಜಿ ಸಂಖ್ಯೆ, ಹುಟ್ಟಿದ ದಿನ ಹಾಕಿ ಒಟಿಪಿ ಕೇಳಿದೆ. ನನ್ನದೇ ನಂಬರಿನ ಕೊನೆಯ ನಾಲ್ಕು ಅಂಕಿ ತೋರಿಸಿ, ಅದಕ್ಕೆ ಕಳಿಸಿದ್ದೇವೆ ಅಂದಿತು. ಗಡಿಯಾರದಲ್ಲಿ 10.05. ಹತ್ತು ನಿಮಿಷ ಕಾದೆ. ಬರಲಿಲ್ಲ. ಇನ್ನೊಮ್ಮೆ ಕೇಳಿದೆ. ಬರಲಿಲ್ಲ.

ಅಷ್ಟರಲ್ಲಿ ರೂಮಿನಲ್ಲಿ ನಾಲ್ಕೈದು ಜನ ಸೇರಿದ್ದರು. ಹಾಸ್ಟೆಲ್‌ನಲ್ಲಿ ಒಬ್ಬನಿಗೆ ಕಷ್ಟ ಬಂದರೆ ಬಾಗಿಲು ಬಡಿದು ಕರೆಯಬೇಕಿಲ್ಲ. ಒಬ್ಬ ಫೋನ್ ಆಫ್ ಮಾಡಿ ಆನ್ ಮಾಡು ಅಂದ. ಮಾಡಿದೆ. ಇನ್ನೊಬ್ಬ ಹಳೇ ಫೋನ್, ಮೆಸೇಜ್ ತುಂಬಿರಬೇಕು, ಅಳಿಸು ಅಂದ. ಅದರಲ್ಲಿ ಒಂದೂ ಮೆಸೇಜ್ ಇರಲಿಲ್ಲ. ಸಿಮ್ ತೆಗೆದು ರೂಮ್‌ಮೇಟ್‌ನ ಒಳ್ಳೆಯ ಫೋನಿಗೆ ಹಾಕಿ ನೋಡಿದೆವು. ಅಲ್ಲಿಯೂ ಬರಲಿಲ್ಲ. ಡಿಎನ್‌ಡಿ ಹಾಕಿರಬೇಕು ಅಂದ ಮತ್ತೊಬ್ಬ. ಡಿಎನ್‌ಡಿ ತಡೆಯುವುದು ಜಾಹೀರಾತಿನ ಮೆಸೇಜುಗಳನ್ನು. ಒಟಿಪಿಯನ್ನು ಅದು ತಡೆಯುವುದಿಲ್ಲ. ಮೂರನೇ ಸಲ ಒಟಿಪಿ ಕೇಳಿದ ಮೇಲೆ ಪುಟ ಅರ್ಧ ಗಂಟೆ ಕಾಯಿರಿ ಅಂದಿತು. ಮೂರು ಅವಕಾಶ ಸುಮ್ನೆ ಕಳೆದಿದ್ದೆ.

ದೋಷ ಎಲ್ಲಿದೆ ಎಂದು ತೋರಿಸಿದ್ದು ರೂಮ್‌ಮೇಟ್. ಅವನು ಜಾಸ್ತಿ ಮಾತಾಡುವವನಲ್ಲ. ತನ್ನ ಫೋನಿನಿಂದ ನನ್ನ ನಂಬರಿಗೆ 'ಬಂತಾ' ಎಂದು ಒಂದು ಮಾಮೂಲಿ ಎಸ್‌ಎಂಎಸ್ ಕಳಿಸಿದ. ಬರಲಿಲ್ಲ. ಆಮೇಲೆ ಕರೆ ಮಾಡಿದ. ತಕ್ಷಣ ರಿಂಗ್ ಆಯಿತು. ನನ್ನ ಫೋನಿನಿಂದ ಅವನಿಗೆ ಎಸ್‌ಎಂಎಸ್ ಕಳಿಸಿ ನೋಡಿದೆವು. ಹೋಗಲಿಲ್ಲ. ಇಂಟರ್ನೆಟ್ ಮಾತ್ರ ಚೆನ್ನಾಗಿ ನಡೆಯುತ್ತಿತ್ತು. ಅಂದರೆ ಜಾಲತಾಣದ ತಪ್ಪಲ್ಲ, ಫೋನಿನ ತಪ್ಪೂ ಅಲ್ಲ. ನನ್ನ ಸಿಮ್ಮಿಗೆ ಎಸ್‌ಎಂಎಸ್ ಒಂದೇ ಬಂದ್ ಆಗಿತ್ತು. ಎರಡು ನಿಮಿಷದ ಈ ಪರೀಕ್ಷೆ ನಾನು ಏಳೂ ನಲವತ್ತಕ್ಕೇ ಮಾಡಬೇಕಿತ್ತು.

ಯಾಕೆ ಬಂದ್ ಆಗಿದೆ ಎಂದು ಹೇಳಿದ್ದು ಮೇಲಿನ ಮಹಡಿಯ ಸೀನಿಯರ್ ಅಣ್ಣ. ಅವರು ಸಂಜೆ ಹೊತ್ತು ಸಪ್ತಾಪುರದ ಒಂದು ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಆಗಷ್ಟೇ ಬಂದಿದ್ದರು. ಊಟಕ್ಕೂ ಹೋಗದೆ ನಮ್ಮ ರೂಮಿಗೆ ಬಂದರು.

"ಸಿಮ್ ಯಾವಾಗ ಚಾಲೂ ಆತು?"

"ಇವತ್ತು ಏಳೂ ನಲವತ್ತಕ್ಕ, ಅಣ್ಣಾ."

"ಹಂಗಾರ ನಾಳೆ ಏಳೂ ನಲವತ್ತರ ತನಕ ಎಸ್‌ಎಂಎಸ್ ಬರಂಗಿಲ್ಲ, ಹೋಗಂಗೂ ಇಲ್ಲ. ಡುಪ್ಲಿಕೇಟ್ ಸಿಮ್ ತಗೊಂಡ್ರ 24 ತಾಸು ಹಂಗ ಬಂದ್ ಇಡ್ತಾರ. ಎಲ್ಲಾ ಕಂಪನೀದೂ ಅದೇ."

ಕಾರಣವನ್ನೂ ಅವರೇ ಬಿಡಿಸಿ ಹೇಳಿದರು. ಕಳ್ಳರು ಬೇರೆಯವರ ಹೆಸರಿನಲ್ಲಿ ಡುಪ್ಲಿಕೇಟ್ ಸಿಮ್ ತೆಗೆಸಿಕೊಳ್ಳುತ್ತಾರೆ. ಹೊಸ ಸಿಮ್ ಚಾಲೂ ಆದ ಕೂಡಲೇ ನಿಜವಾದ ಮಾಲೀಕನ ಸಿಮ್ ಸತ್ತುಹೋಗುತ್ತದೆ. ಬ್ಯಾಂಕಿನ ಒಟಿಪಿ ಕಳ್ಳನ ಕೈಗೆ ಬರುತ್ತದೆ. ರಾತ್ರೋರಾತ್ರಿ ಖಾತೆ ಖಾಲಿ ಮಾಡುತ್ತಾರೆ. ಒಂದು ದಿನ ಎಸ್‌ಎಂಎಸ್ ನಿಲ್ಲಿಸಿದರೆ, ನನ್ನ ಫೋನಿಗೆ ಯಾಕೆ ನೆಟ್‌ವರ್ಕ್ ಇಲ್ಲ ಎಂದು ಮಾಲೀಕ ವಿಚಾರಿಸಲು ಸಮಯ ಸಿಗುತ್ತದೆ. ನಿಯಮ ಒಳ್ಳೆಯದೇ. ನನ್ನಪ್ಪನ ಖಾತೆಯಲ್ಲಿ ಬೆಳೆ ಮಾರಿದ ದುಡ್ಡು ಇರುತ್ತದೆ, ಅದಕ್ಕೂ ಈ ನಿಯಮವೇ ಕಾವಲು. ಆದರೆ ಸಿಮ್ ಕೊಡುವಾಗ ಅಂಗಡಿಯಲ್ಲಿ ಒಂದು ಮಾತು ಹೇಳಬೇಕಿತ್ತು. ಈ ನಿಯಮ ಮೊದಲೇ ಗೊತ್ತಿದ್ದರೆ ನಾನು ಸೋಮವಾರವೇ, ಪೊಲೀಸ್ ಠಾಣೆಯಿಂದ ನೇರವಾಗಿ ಅಲ್ಲಿಗೆ ಹೋಗುತ್ತಿದ್ದೆ.

ಲೆಕ್ಕ ಹಾಕಿದೆ. ಅರ್ಜಿ ಮುಗಿಯುವುದು ನಾಳೆ 5.30ಕ್ಕೆ. ಎಸ್‌ಎಂಎಸ್ ಬರುವುದು 7.40ಕ್ಕೆ. ಎರಡು ಗಂಟೆ ಹತ್ತು ನಿಮಿಷ ತಡ. ಹೊಟ್ಟೆಯಲ್ಲಿ ಏನೋ ಕುಸಿದಂತಾಯಿತು. ಹಿಂದಿನ ಸಲ ಈ ಹುದ್ದೆಗೆ ಅರ್ಜಿ ಕರೆದಾಗ ನನಗೆ ಪದವಿ ಮುಗಿದಿರಲಿಲ್ಲ. ಮುಂದಿನ ಸಲ ಯಾವಾಗ ಕರೆಯುತ್ತಾರೆ ಎಂದು ಯಾರೂ ಹೇಳಲಾರರು.

ಹೊಸದಾಗಿ ಇನ್ನೊಂದು ನೋಂದಣಿ ಮಾಡು, ರೂಮ್‌ಮೇಟ್‌ನ ನಂಬರ್ ಕೊಡು ಎಂದು ಒಬ್ಬ ಹೇಳಿದ. ನನಗೂ ಅದೇ ಸರಿ ಅನಿಸಿತು. ಪುಟವನ್ನೂ ತೆರೆದೆ. ಸೀನಿಯರ್ ಅಣ್ಣ ತಡೆದರು. ಅಧಿಸೂಚನೆಯ ಪಿಡಿಎಫ್ ತೆರೆಸಿ, ಸೂಚನೆಗಳ ಪುಟ ತೋರಿಸಿದರು. ಒಬ್ಬರು ಒಂದಕ್ಕಿಂತ ಹೆಚ್ಚು ಸಲ ನೋಂದಣಿ ಮಾಡಿದರೆ ಅರ್ಜಿ ತಿರಸ್ಕರಿಸಲಾಗುವುದು ಎಂದು ಅಲ್ಲಿ ಸ್ಪಷ್ಟವಾಗಿ ಇತ್ತು. ಈ ನಿಯಮ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಕೆಲವು ಪರೀಕ್ಷೆಗಳಲ್ಲಿ ಕೊನೆಯದಾಗಿ ಶುಲ್ಕ ಕಟ್ಟಿದ ಅರ್ಜಿಯನ್ನು ಉಳಿಸಿಕೊಂಡು ಉಳಿದದ್ದನ್ನು ಬಿಡುತ್ತಾರೆ. ಇಲ್ಲಿ ಹಾಗಿರಲಿಲ್ಲ. ಇವತ್ತು ರಾತ್ರಿ ಅರ್ಜಿ ಹೋಯಿತು ಎಂದು ಮಲಗಿ, ಆರು ತಿಂಗಳ ಮೇಲೆ ದಾಖಲೆ ಪರಿಶೀಲನೆಯಲ್ಲಿ ಹೆಸರು ತೆಗೆದರೆ ಏನು ಮಾಡುವುದು? ಆ ಪುಟ ಮುಚ್ಚಿದೆ.

ಅರ್ಧ ಗಂಟೆ ಮುಗಿದು ಒಟಿಪಿ ಪುಟ ಮತ್ತೆ ತೆರೆದುಕೊಂಡಿತು. ಈ ಸಲ ನಿಧಾನವಾಗಿ ಓದಿದೆ. ಮೊಬೈಲ್ ಪಕ್ಕದಲ್ಲೇ ಇನ್ನೊಂದು ಸಣ್ಣ ದುಂಡು ಗುರುತು ಇತ್ತು. ಇಮೇಲ್. ಅಷ್ಟು ಹೊತ್ತು ಅದನ್ನು ನೋಡಿಯೇ ಇರಲಿಲ್ಲ. ಅದನ್ನು ಆರಿಸಿದಾಗ ಮೇಲ್ ವಿಳಾಸದ ಮೊದಲ ಎರಡು ಅಕ್ಷರ, ನಡುವೆ ಚುಕ್ಕಿ, ಕೊನೆಯ ಒಂದು ಅಕ್ಷರ ತೋರಿಸಿತು. ಅದು ನನ್ನ ವಿಳಾಸ ಅಲ್ಲ. ಮೊದಲ ಎರಡು ಅಕ್ಷರ ಆ ಸೈಬರ್ ಅಂಗಡಿಯ ಹೆಸರಿನವು.

ನಮ್ಮ ಕಡೆ ಇದು ಮಾಮೂಲು. ಅಂಗಡಿಗೆ ಬರುವ ಬಹಳ ಜನರಿಗೆ ಇಮೇಲ್ ಇರುವುದಿಲ್ಲ. ಇದ್ದರೂ ಪಾಸ್‌ವರ್ಡ್ ನೆನಪಿರುವುದಿಲ್ಲ. ಹೊರಗೆ ಹದಿನೈದು ಜನ ಸಾಲಲ್ಲಿ ನಿಂತಿರುತ್ತಾರೆ. ಅಂಗಡಿಯವರು ತಮ್ಮ ಇಮೇಲನ್ನೇ ಹಾಕಿ ಮುಂದೆ ಹೋಗುತ್ತಾರೆ. ಹಾಲ್ ಟಿಕೆಟ್ ಬಂದಾಗ ಅವರೇ ಪ್ರಿಂಟ್ ತೆಗೆದು ಕರೆದು ಕೊಡುತ್ತಾರೆ. ಆ ಅಣ್ಣನೂ ಹಾಗೆಯೇ ಮಾಡಿದ್ದ, ಕೇಳಿದ್ದರೆ ನನ್ನ ವಿಳಾಸ ಹೇಳುತ್ತಿದ್ದೆ. ಆದರೆ ಆ ರಾತ್ರಿ ನನಗೆ ಕೋಪ ಬರಲಿಲ್ಲ. ಆ ಎರಡು ಅಕ್ಷರ ನೋಡಿ ಉಸಿರು ಬಂತು. ಒಟಿಪಿ ಹೋಗುವ ಇನ್ನೊಂದು ಜಾಗ ಯಾವುದು, ಅದರ ಬೀಗದ ಕೈ ಯಾರ ಹತ್ತಿರ ಇದೆ ಎಂದು ಗೊತ್ತಾಯಿತಲ್ವಾ?

ಅಣ್ಣನ ನಂಬರ್ ನನ್ನ ಹತ್ತಿರ ಇರಲಿಲ್ಲ. ಮತ್ತೆ ಅಪ್ಪನಿಗೆ ಹಚ್ಚಿದೆ. ಅಪ್ಪನ ಹತ್ತಿರವೂ ಇರಲಿಲ್ಲ. "ತಡಿ, ನಾ ಹೋಗಿ ಬರ್ತೀನಿ" ಅಂದರು. ಅಂಗಡಿ ಇರುವುದು ಪಕ್ಕದ ಊರಲ್ಲಿ, ಎರಡು ಕಿಲೋಮೀಟರ್. ಅಣ್ಣನ ಮನೆ ಅಂಗಡಿಯ ಹಿಂದೆಯೇ. ಪಕ್ಕದ ಮನೆಯ ಕಾಕಾನನ್ನು ಎಬ್ಬಿಸಿ, ಅವರ ಬೈಕಿನ ಹಿಂದೆ ಕೂತು ಅಪ್ಪ ಹೋದರು. ಹನ್ನೊಂದು ಗಂಟೆಗೆ ಒಂದು ಹೊಸ ನಂಬರಿನಿಂದ ಕರೆ ಬಂತು.

"ಹೇಳಪಾ, ಏನಾತು? ನಿಮ್ಮಪ್ಪಾರು ಇಲ್ಲೇ ನಿಂತಾರ. ನೀ ಗಾಬರಿ ಆಗಬ್ಯಾಡ, ಮೇಲ್ ನನ್ನ ಫೋನಿನ್ಯಾಗ ಐತಿ."

ಮೊದಲು ಪಾಸ್‌ವರ್ಡ್ ಕೇಳಿದೆ. ಆ ಚೀಟಿ ಎಂದೋ ಹೋಗಿತ್ತು. ನೂರಾರು ಜನರದ್ದು ಮಾಡುತ್ತೇನೆ, ನೆನಪಿಲ್ಲ ಎಂದು ಅವನು ಹೇಳಿದ. ಸರಿ, ಒಟಿಪಿಯೇ ಬೇಕು ಅಂದೆ. 11.06ಕ್ಕೆ ಇಮೇಲ್ ಆರಿಸಿ ಬಟನ್ ಒತ್ತಿದೆ.

ಇಲ್ಲಿಂದ ಮುಂದಿನ ಕಾಲು ಗಂಟೆ ನನಗೆ ಚೆನ್ನಾಗಿ ನೆನಪಿದೆ.

ಮೂರು ನಿಮಿಷ ಆದರೂ ಅಣ್ಣನಿಗೆ ಮೇಲ್ ಬರಲಿಲ್ಲ. ಕೊನೆಯ ದಿನದ ಹಿಂದಿನ ರಾತ್ರಿ ಇಡೀ ರಾಜ್ಯದವರು ಅದೇ ಜಾಲತಾಣದಲ್ಲಿ ಇರುತ್ತಾರೆ, ಎಲ್ಲವೂ ತಡವಾಗುತ್ತದೆ. ನಾನು ತಾಳ್ಮೆಗೆಟ್ಟು `Resend OTP` ಒತ್ತಿದೆ. 11.13ಕ್ಕೆ ಅಣ್ಣ "ಬಂತು, ಬರಕೋ" ಅಂದ. ಆರು ಅಂಕಿ ಹಾಕಿದೆ. ತಪ್ಪು ಒಟಿಪಿ ಅಂದಿತು. ಅವನು ಮತ್ತೆ ಓದಿದ, ಅಂಕಿಗಳು ಅವೇ. ಮತ್ತೆ ಹಾಕಿದೆ, ಮತ್ತೆ ತಪ್ಪು.

ಸೀನಿಯರ್ ಅಣ್ಣ ಪಕ್ಕದಲ್ಲಿ ಕೂತು ನೋಡುತ್ತಿದ್ದರು. ನೀನು ಎರಡನೇ ಸಲ ಒತ್ತಿದಾಗಲೇ ಮೊದಲನೆಯದು ರದ್ದಾಗಿರುತ್ತದೆ, ಈಗ ಬಂದಿದ್ದು ಮೊದಲನೆಯದು ಎಂದರು. ಅಂದರೆ ಎರಡನೆಯದು ಇನ್ನೂ ದಾರಿಯಲ್ಲಿದೆ. ಅದು ಬರುವ ತನಕ ಕಾಯಬೇಕಿತ್ತು. ಆದರೆ ಅವರು ಹೇಳಿ ಮುಗಿಸುವ ಮೊದಲೇ ನಾನು ಮೂರನೇ ಸಲ ಒತ್ತಿದ್ದೆ. ಈಗ ಎರಡನೆಯದೂ ರದ್ದು. ಮೂರು ಸಲ ಆಗಿದ್ದರಿಂದ ಪುಟ ಇನ್ನು ಹೊಸದು ಕೊಡುವುದಿಲ್ಲ. ಮೂರನೆಯದು ಹತ್ತು ನಿಮಿಷದೊಳಗೆ ಬಂದರೆ ಉಂಟು, ಇಲ್ಲವಾದರೆ ಮತ್ತೆ ಅರ್ಧ ಗಂಟೆ.

11.19ಕ್ಕೆ ಅಣ್ಣ ಇನ್ನೊಂದು ಬಂತು ಅಂದ. ಓದಿದ. ಹಾಕಿದೆ. ತಪ್ಪು. ಅದು ಎರಡನೆಯದು ಎಂದು ಗೊತ್ತಿದ್ದೂ ಹಾಕಿದ್ದೆ. 11.22ಕ್ಕೆ ಮತ್ತೊಂದು ಬಂತು ಅಂದ. ಅವನು ಓದಿದ ಅಂಕಿಗಳು ಮೊದಲು ಕೇಳಿದವೇ ಅನಿಸಿತು. ನಾನು ಬರೆದಿಟ್ಟ ಹಾಳೆ ನೋಡಿದೆ. ಹೌದು, 11.13ರದ್ದೇ.

"ಅಣ್ಣಾ, ಇದು ಹಳೇದು. ಹೊಸಾ ಮೇಲ್ ತಗೀರಿ."

"ಒಂದೇ ಮೇಲ್ ಕಾಣಾಕತ್ತೈತಿ ನೋಡಪಾ."

ಇದು ನನಗೆ ಆ ಕ್ಷಣ ಹೊಳೆದಿದ್ದು ಪುಣ್ಯ. ಒಂದೇ ಶೀರ್ಷಿಕೆಯಲ್ಲಿ ಒಂದೇ ಕಡೆಯಿಂದ ಬಂದ ಮೇಲ್‌ಗಳನ್ನು ಜಿಮೇಲ್ ಒಂದರ ಕೆಳಗೆ ಒಂದು ಜೋಡಿಸಿ, ಹೊರಗಿನಿಂದ ಒಂದೇ ಸಾಲಾಗಿ ತೋರಿಸುತ್ತದೆ. ಒಳಗೆ ಹೋದರೆ ಹಳೆಯದು ಮೇಲೆ, ಹೊಸದು ಎಲ್ಲಕ್ಕಿಂತ ಕೆಳಗೆ. ಅವನು ಮೇಲಿನದನ್ನು ಓದುತ್ತಿದ್ದ. ಸಾಲಿನ ಪಕ್ಕ ಒಂದು ಸಣ್ಣ ಅಂಕಿ ಕಾಣುತ್ತದೆಯೇ ಎಂದು ಕೇಳಿದೆ. "3 ಅಂತ ಐತಿ" ಅಂದ. ತೀರಾ ಕೆಳಗೆ ಹೋಗಿ, ಮೇಲ್ ಬಂದ ಸಮಯ ಮೊದಲು ಹೇಳಿ, ಆಮೇಲೆ ಅಂಕಿ ಹೇಳಿ ಅಂದೆ. "11.22" ಅಂದ. ಆಮೇಲೆ ಆರು ಅಂಕಿ, ಒಂದೊಂದಾಗಿ. ಹಾಕಿದೆ. ಪುಟ ತಿರುಗುತ್ತಲೇ ಇತ್ತು. ಯಾರೂ ಮಾತಾಡಲಿಲ್ಲ. ಆಮೇಲೆ ಹೊಸ ಪಾಸ್‌ವರ್ಡ್ ಹಾಕಿ ಎಂಬ ಎರಡು ಖಾನೆ ಬಂದವು.

ರೂಮ್‌ಮೇಟ್ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟ. ಫೋನಿನಲ್ಲಿ ಅಣ್ಣನಿಗೆ ಆಯ್ತು ಅಂದೆ. ಹಿಂದಿನಿಂದ ಅಪ್ಪನ ದನಿ ಕೇಳಿತು. "ಆತಂತ?" ಎಂದು ಅವನನ್ನೇ ಕೇಳುತ್ತಿದ್ದರು. ಹೊಸ ಪಾಸ್‌ವರ್ಡನ್ನು ನನ್ನ ಪ್ರಾಕ್ಟಿಕಲ್ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದೆ, ಅರ್ಜಿ ಸಂಖ್ಯೆಯ ಕೆಳಗೆ. ಸೊನ್ನೆಯ ಒಳಗೆ ಒಂದು ಅಡ್ಡ ಗೆರೆ ಎಳೆದೆ.

ತುಂಬಿದ್ದ ಫಾರಂ ಹಾಗೇ ಇತ್ತು. ಅಂಕಪಟ್ಟಿ ಅಪ್‌ಲೋಡ್ ಆಯಿತು. ಶುಲ್ಕಕ್ಕೆ ಬಂದಾಗ ಅದೇ ಕಂಟಕ ಇನ್ನೊಂದು ರೂಪದಲ್ಲಿ ಎದುರಾಯಿತು. ಹೊಸ ಫೋನಿನಲ್ಲಿ ಯುಪಿಐ ಆ್ಯಪ್ ಹಾಕಿದರೆ ಅದು ಮೊದಲು ನಮ್ಮ ಸಿಮ್‌ನಿಂದ ಬ್ಯಾಂಕಿಗೆ ಒಂದು ಎಸ್‌ಎಂಎಸ್ ಕಳಿಸುತ್ತದೆ. ಸಿಮ್ ಇರುವುದು ಇದೇ ಫೋನಿನಲ್ಲಿ ಎಂದು ಹಾಗೆ ಖಾತ್ರಿ ಮಾಡಿಕೊಳ್ಳುತ್ತದೆ. ನನ್ನ ಸಿಮ್‌ನಿಂದ ಎಸ್‌ಎಂಎಸ್ ಹೊರಗೆ ಹೋಗುವುದೇ ಇಲ್ಲವಲ್ಲ. ಎಟಿಎಂ ಕಾರ್ಡ್ ಇತ್ತು. ಅದರ ಒಟಿಪಿಯೂ ಅದೇ ನಂಬರಿಗೆ. ರೂಮ್‌ಮೇಟ್ ಮಾತಿಲ್ಲದೆ ತನ್ನ ಫೋನ್ ತೆಗೆದು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ. ಶುಲ್ಕ ಬೇರೆಯವರ ಖಾತೆಯಿಂದ ಹೋದರೂ ನಡೆಯುತ್ತದೆ, ಅದು ಅರ್ಜಿ ಸಂಖ್ಯೆಗೆ ಸೇರುತ್ತದೆ.

ಅವನ ಖಾತೆಯಿಂದ ದುಡ್ಡು ಹೋಯಿತು. ಪರದೆಯ ಮೇಲೆ ಮಾತ್ರ `Pending` ಎಂದೇ ಇತ್ತು. ಇನ್ನೊಮ್ಮೆ ಕಟ್ಟಲು ಕೈ ಹೋಗುತ್ತಿತ್ತು. ಒಟಿಪಿಯಲ್ಲಿ ಆತುರ ಮಾಡಿ ಕಲಿತಿದ್ದರಿಂದ ತಡೆದುಕೊಂಡೆ. ಅವನ ಆ್ಯಪಿನಲ್ಲಿದ್ದ ಯುಟಿಆರ್ ನಂಬರ್ ಬರೆದುಕೊಂಡು, ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಲಾಗಿನ್ ಆಗಿ ಪಾವತಿ ಸ್ಥಿತಿ ನೋಡಿದೆ. ಶುಲ್ಕ ಬಂದಿದೆ ಎಂದಿತ್ತು. ಬ್ಯಾಂಕಿನಿಂದ ಉತ್ತರ ಬರುವುದು ತಡವಾಗಿತ್ತು, ಅಷ್ಟೇ.

ಶುಲ್ಕ ಬಂದಿದೆ ಎಂಬ ಪುಟ ನೋಡಿ ನಾನು ಲ್ಯಾಪ್‌ಟಾಪ್ ಮುಚ್ಚುವುದರಲ್ಲಿದ್ದೆ. ಸೀನಿಯರ್ ಅಣ್ಣ ಕೆಳಗೆ ಎಳೆದು ತೋರಿಸಿದರು. ಪುಟದ ತಳದಲ್ಲಿ ಘೋಷಣೆಯ ಪಕ್ಕ ಒಂದು ಖಾಲಿ ಚೌಕ, ಅದರ ಕೆಳಗೆ `Final Submit`. ಹೋದ ಸಲ ಇದೇ ಹಾಸ್ಟೆಲ್‌ನ ಒಬ್ಬರು ಶುಲ್ಕ ಕಟ್ಟಿ ಇದನ್ನು ಒತ್ತದೇ ಬಿಟ್ಟಿದ್ದರಂತೆ. ಹಾಲ್ ಟಿಕೆಟ್ ಬಂದಿರಲಿಲ್ಲ. ಗುರುತು ಹಾಕಿ ಒತ್ತಿದೆ. ರಾತ್ರಿ 12.48ಕ್ಕೆ ಅರ್ಜಿ ಸ್ವೀಕೃತವಾಗಿದೆ ಎಂಬ ಪಿಡಿಎಫ್ ಬಂತು. ಅದರ ಪ್ರತಿಯನ್ನು ಆರು ಜನರ ವಾಟ್ಸ್ಆ್ಯಪ್‌ಗೆ ಕಳಿಸಿಟ್ಟೆ.

ಅಪ್ಪ ಮನೆ ಮುಟ್ಟಿದ್ದು ಹನ್ನೆರಡರ ಸುಮಾರಿಗೆ. ಮಲಗಿರಲಿಲ್ಲ. ಒಂದು ಗಂಟೆಗೆ ನಾನು ಹಚ್ಚಿದಾಗ ಮೊದಲ ರಿಂಗಿಗೇ ಎತ್ತಿದರು. ಆ ಕಾಗದವನ್ನು ಮತ್ತೆ ಟ್ರಂಕಿನಲ್ಲಿ ಇಡಬೇಕೋ ಬೇಡವೋ ಎಂದು ಕೇಳಿದರು. ಇಡಿ ಅಂದೆ.

ಮರುದಿನ ಮಧ್ಯಾಹ್ನ ಮೂರರ ಮೇಲೆ ಜಾಲತಾಣ ಬಹಳ ನಿಧಾನವಾಯಿತು. ನಮ್ಮ ಮಹಡಿಯ ಇಬ್ಬರು ಇನ್ನೂ ಹಾಕುತ್ತಿದ್ದರು. ಅವರ ಹತ್ತಿರ ಕೂತು, ಒಟಿಪಿಯನ್ನು ಒಂದೇ ಸಲ ಒತ್ತಿ, ಹತ್ತು ನಿಮಿಷ ಕೈ ಮುಟ್ಟಬೇಡಿ ಎಂದು ಹೇಳುತ್ತಿದ್ದೆ. ಒಬ್ಬನದು 5.10ಕ್ಕೆ ಹೋಯಿತು, ಇನ್ನೊಬ್ಬನದು 5.24ಕ್ಕೆ.

ಸಂಜೆ ಮೆಸ್‌ನಲ್ಲಿ ರೊಟ್ಟಿ ಊಟ. ಏಳೂ ಮುಕ್ಕಾಲಿಗೆ ತಟ್ಟೆ ಹಿಡಿದು ಸಾಲಲ್ಲಿ ನಿಂತಿದ್ದಾಗ ಜೇಬಿನಲ್ಲಿ ಫೋನ್ ಅದುರಿತು. ರೂಮ್‌ಮೇಟ್ ಸಾಲಿನಲ್ಲಿ ನನಗಿಂತ ಮೂರು ಜನ ಮುಂದೆ ನಿಂತಿದ್ದ. ತನ್ನ ಫೋನ್ ಕೈಯಲ್ಲಿ ಹಿಡಿದು ಹಿಂದೆ ತಿರುಗಿ ನನ್ನನ್ನೇ ನೋಡುತ್ತಿದ್ದ. ಎಸ್‌ಎಂಎಸ್ ತೆರೆದೆ. 'ಬಂತಾ' ಎಂದಿತ್ತು.

ಊಟ ಆದಮೇಲೆ ರೂಮಿಗೆ ಹೋಗಿ ಲಾಗಿನ್ ಆದೆ. ಅರ್ಜಿ ಮುಗಿದಿದ್ದರೂ ಪ್ರೊಫೈಲ್ ಪುಟ ತೆರೆದಿತ್ತು. ಇಮೇಲ್ ಖಾನೆಯಲ್ಲಿ ಅಂಗಡಿಯ ವಿಳಾಸ ಅಳಿಸಿ ನನ್ನದನ್ನು ಹಾಕಿದೆ. ಮೊಬೈಲಿಗೆ ಒಟಿಪಿ ಕಳಿಸಿದ್ದೇವೆ ಅಂದಿತು. ಒಂದೇ ಸಲ ಒತ್ತಿ, ಫೋನನ್ನು ಮೇಜಿನ ಮೇಲಿಟ್ಟು ಕಾದೆ. ಹನ್ನೊಂದು ಸೆಕೆಂಡಿಗೆ ಬಂತು.